ಒಳಗೆ ಹಳದಿ, ಸುತ್ತ ಗುಲಾಬಿ

ನಮ್ಮ ಬೇಲಿಯ ಮೇಲೆ ನನಗಿದ್ದ ಅಭಿಮಾನವನ್ನು ಮೊದಲು ಹೇಳಬೇಕು. ಅದನ್ನು ಹೇಳದೆ ನನ್ನ ತಪ್ಪನ್ನು ಹೇಳಿಕೊಂಡರೆ ಅರ್ಧ ಹೇಳಿದಂತಾಗುತ್ತದೆ.

ವಾಡಿಯ ರೈಲ್ವೆ ನೌಕರಿಯಿಂದ ನಿವೃತ್ತನಾಗಿ ಸೇಡಂನ ಅಂಚಿನಲ್ಲಿ ಮನೆ ಕಟ್ಟಿಸಿದಾಗ ಹಿತ್ತಲಿಗೆ ಶಹಾಬಾದ್ ಪರಸಿ ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ ಗೋಡೆ ಮಾಡಿಸಿದೆ. ಎದೆಮಟ್ಟದ ಗೋಡೆ. ಅದರ ಒಳಮಗ್ಗುಲಿಗೆ ಹಚ್ಚಲು ಶಹಾಬಾದಿನ ಒಂದು ಹಳೆ ಬಂಗಲೆಯ ಆವರಣದಿಂದ ಲಂಟಾನದ ಕಡ್ಡಿಗಳನ್ನು ತಂದೆ. ಒಂದೇ ಗೊಂಚಲಿನಲ್ಲಿ ಒಳಗಿನ ಹೂಗಳು ಹಳದಿ, ಸುತ್ತಲಿನವು ಗುಲಾಬಿ. ನೀರು ಹಾಕದಿದ್ದರೂ ಬೆಳೆಯಿತು, ಮೇಕೆಗಳೂ ಮುಟ್ಟಲಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದೆ. ನನ್ನ ಹೆಂಡತಿಗೆ ಮಾತ್ರ ಅದರ ವಾಸನೆ ಸೇರುತ್ತಿರಲಿಲ್ಲ. ಮೇಕೆ ಒಲ್ಲೆನ್ನುವ ಗಿಡವನ್ನು ನಮ್ಮ ಯಜಮಾನರು ಮಗನ ಹಾಗೆ ಸಾಕಿದ್ದಾರೆ ಎಂದು ಬೀಗರ ಮುಂದೆ ಹೇಳಿ ನಗುತ್ತಿದ್ದಳು.

ಗೋಡೆಯ ಆಚೆ ಒಬ್ಬ ಹೆಣ್ಣುಮಗಳ ಮನೆ. ಗಂಡ ತೀರಿಕೊಂಡ ಮೇಲೆ ಒಂದು ದೇವಣಿ ತಳಿಯ ಆಕಳು ಕಟ್ಟಿಕೊಂಡು ನಮ್ಮ ಓಣಿಗೆ ಹಾಲು ಹಾಕಿ ಜೀವನ ನಡೆಸುತ್ತಿದ್ದಳು. ಆಕಳಿಗೆ ಬಿಳಿ ಮೈ, ಅಲ್ಲಲ್ಲಿ ದೊಡ್ಡ ಕರಿ ಮಚ್ಚೆ, ಜೋತುಬಿದ್ದ ಕಿವಿ. ಅವಳು ನನ್ನನ್ನು ಕಾಕಾ ಎನ್ನುತ್ತಾಳೆ. ನಮಗೆ ಹಾಲು ಅಳೆದ ಮೇಲೆ ಕೈ ಬಗ್ಗಿಸಿ ಒಂದಿಷ್ಟು ಹೆಚ್ಚಿಗೆ ಸುರಿಯುವುದು ಅವಳ ರೂಢಿ.

ಆ ಬೇಸಿಗೆಯ ಕೊನೆಯಲ್ಲಿ ಒಂದು ಭಾನುವಾರ ಬೇಲಿ ಕತ್ತರಿಸಿದೆ. ಕತ್ತರಿಸಿದ ಸೊಪ್ಪನ್ನು ಬೀದಿಯ ತೊಟ್ಟಿಯವರೆಗೆ ಹೊರಲು ಬೇಸರವಾಗಿ ಗೋಡೆಯ ಆಚೆ ಎಸೆದೆ. ಅಲ್ಲಿ ಹೇಗೂ ಪಾರ್ಥೇನಿಯಂ ಬೆಳೆದು ಪಾಳು ಬಿದ್ದಿತ್ತು. ನಮ್ಮ ಕಡೆ ಕಾಂಗ್ರೆಸ್ ಕಸ ಎನ್ನುವ ಗಿಡ. ಆಕಳಿನ ಗೂಟ ಅಲ್ಲೇ ಹತ್ತಿರವಿದೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅವಳ ಮನೆಯಲ್ಲಿ ಕಣಕಿ, ಅಂದರೆ ಜೋಳದ ಒಣ ಮೇವು, ತೀರುತ್ತ ಬಂದಿತ್ತು, ಆಕಳು ಹಸಿದಿತ್ತು.

ಸೋಮವಾರ ಆಕಳು ಮೇವು ಬಿಟ್ಟಿತು. ಮಂಗಳವಾರ ಬೆಳಗ್ಗೆ ಅವಳು ಗೋಡೆಯ ಮೇಲಿಂದ ನನ್ನನ್ನು ಕರೆದಳು. ಆಕಳು ಬಿಸಿಲಿಗೆ ಹೆದರಿ ಗೋಡೆಯ ನೆರಳಿಗೆ ಒತ್ತಿ ನಿಂತಿತ್ತು. ಕಣ್ಣು ಹಳದಿಯಾಗಿದ್ದವು. ಮೂತಿ ಒಣಗಿ ಬಿರುಕು ಬಿಟ್ಟಿತ್ತು. ಪಶು ಡಾಕ್ಟರ್ ಮೇಡಂ ಅಂದು ಐನಾಪುರದ ಕಡೆ ಲಸಿಕೆ ಹಾಕಲು ಹೋಗಿದ್ದರು. ಫೋನಿನಲ್ಲಿ ಅವರು, ಹಗ್ಗ ಎಟುಕುವಷ್ಟು ದೂರದಲ್ಲಿ ಏನೇನು ಬೆಳೆದಿದೆಯೋ ಎಲ್ಲದರ ಫೋಟೋ ಬೇಕು, ಎಲೆಯದೊಂದು, ಹೂವಿನದೊಂದು ಹತ್ತಿರದಿಂದ ತೆಗೆಯಿರಿ ಎಂದರು. ಅವಳ ಫೋನಿನ ಗಾಜು ಒಡೆದಿತ್ತು. ಫೋಟೋ ತೆಗೆಯುವ ಕೆಲಸ ನನಗೆ ಬಂತು.

ಗೋಡೆ ದಾಟಿ ಹೋದಾಗ ಮೊದಲು ಕಂಡದ್ದು ನಾನು ಎಸೆದ ಸೊಪ್ಪು. ಮುಕ್ಕಾಲು ಪಾಲು ಇರಲಿಲ್ಲ. ಅವಳು ಆಕಳಿನ ಮೂತಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದಾಗ ಉಳಿದ ಕಡ್ಡಿಗಳನ್ನು ಕಾಲಿನಿಂದ ಸರಿಸಿ ಕಲ್ಲಿನ ಹಿಂದೆ ತಳ್ಳಿದೆ. ಆಮೇಲೆ ಪಾರ್ಥೇನಿಯಂ ಮುಂದೆ ಕುಳಿತು ಬಹಳ ಶ್ರದ್ಧೆಯಿಂದ ಫೋಟೋ ತೆಗೆದೆ. ಗಜ್ಜರಿ (ಕ್ಯಾರೆಟ್) ಎಲೆಯ ಹಾಗೆ ಆಳವಾಗಿ ಸೀಳಿದ ಎಲೆ ಒಂದರಲ್ಲಿ. ಐದು ಮೂಲೆಯ ಸಣ್ಣ ಬಿಳಿ ಹೂ ಇನ್ನೊಂದರಲ್ಲಿ. ಆಕಳಿನದೂ ಒಂದು ತೆಗೆದು ಕಳಿಸಿದೆ.

ಮೇಡಂ ತಕ್ಷಣ ಫೋನ್ ಮಾಡಿದರು. ನಾನು ಸ್ಪೀಕರ್ ಹಾಕಿದೆ. ಅದು ಪಾರ್ಥೇನಿಯಂ ಹೌದು, ಎಲೆ ನೋಡಿದರೇ ತಿಳಿಯುತ್ತದೆ, ಬಾಯಿ ತೆರೆದು ನೋಡಿ, ಹುಣ್ಣು ಇವೆಯೇ ಎಂದರು. ಇರಲಿಲ್ಲ. "ಹಂಗಾದ್ರ ಇದು ಅದರ ಕೆಲಸ ಅಲ್ಲ. ಬಿಸಲಿಗಿ ಬಿಳಿ ಚರ್ಮ ಇದ್ದಲ್ಲಷ್ಟೇ ಸುಟ್ಟಂಗ ಕೆಂಪಾಗ್ಯಾದ, ಕರಿ ಮಚ್ಚಿಗಿ ಏನೂ ಆಗಿಲ್ಲ. ನನಗ ಬ್ಯಾರೆ ಗಿಡದ ಮ್ಯಾಲ ಅನುಮಾನ ಅದ. ಫೋಟೋ ಹಾಕ್ತೀನಿ, ಅಂಥಾದ್ದು ಅಲ್ಲೆಲ್ಲರ ಅದ ಏನು ನೋಡ್ರಿ."

ಫೋಟೋ ಬಂತು. ಎದುರುಬದುರಾಗಿ ಜೋಡಿಯಾಗಿ ಕೂತ ಎಲೆಗಳು, ಸೀಳಿಲ್ಲದ ಇಡೀ ಎಲೆ, ಅಂಚಿಗೆ ಗರಗಸದ ಹಲ್ಲು. ನಡುವೆ ಹೂವಿನ ಗೊಂಚಲು: ಒಳಗೆ ಹಳದಿ, ಸುತ್ತ ಗುಲಾಬಿ. ನನ್ನ ಬೇಲಿಯನ್ನೇ ಯಾರೋ ತೆಗೆದು ಕಳಿಸಿದಂತಿತ್ತು.

"ಏನ್ ಕಳಿಸ್ಯಾರ ಕಾಕಾ?" ಎಂದು ಅವಳು ಕೇಳಿದಳು.

"ನೆಟ್ ಬರವಲ್ದವ್ವ" ಎಂದೆ.

ಮನೆಗೆ ಬಂದು ಫೋನನ್ನು ಬೋರಲು ಹಾಕಿ ಕುಳಿತೆ. ಬೇಲಿ ಹೋಗುತ್ತದೆಂಬ ಸಂಕಟ ಸ್ವಲ್ಪ. ನನ್ನ ಕೈಯಿಂದಲೇ ಆಯಿತೆಂದು ಓಣಿಗೆಲ್ಲ ತಿಳಿಯುತ್ತದೆಂಬ ಹೆದರಿಕೆ ಹೆಚ್ಚು. ಮಧ್ಯಾಹ್ನ ರೊಟ್ಟಿ ತಿನ್ನಲಿಲ್ಲ. ಹೆಂಡತಿ ಏನಾಯಿತೆಂದು ಕೇಳಿದಳು. ಅವಳು ಹಿತ್ತಲಿಗೆ ಹೋಗಿ ಬಂದು ನನ್ನ ಎದುರು ನಿಂತಳು. "ಆಕಳಾ ಯಾಡ್ ದಿನದಿಂದ ಉಪಾಸ ಅದ. ನೀವ್ ಯಾಕ ಉಪಾಸ ಮಾಡ್ಲಿಕತ್ತೀರಿ? ಬ್ಯಾಲಿ ಕಡದಿದ್ದು ನೀವಾ ಅಲ್ಲೇನು?"

ಎದ್ದು ಹೋಗಿ ಬೇಲಿಯ ಒಂದು ಟೊಂಗೆಯ ಫೋಟೋ ತೆಗೆದೆ. ಎಲೆ, ಹೂ, ಕಲ್ಲಿನ ಹಿಂದೆ ತಳ್ಳಿದ ಕಡ್ಡಿಗಳು, ಎಲ್ಲವನ್ನೂ. ಭಾನುವಾರ ನಾನೇ ಹಾಕಿದ್ದು ಎಂದು ಕೆಳಗೆ ಬರೆದು ಮೇಡಂಗೆ ಕಳಿಸಿದೆ. ಆಮೇಲೆ ಗೋಡೆಯ ಆಚೆ ಹೋಗಿ ಅವಳಿಗೂ ಹೇಳಿದೆ. ಸೊಪ್ಪು ಎಸೆದದ್ದನ್ನು ಹೇಳಿದೆ; ಬೆಳಗ್ಗೆಯೇ ಫೋಟೋ ಬಂದಿತ್ತೆಂಬುದನ್ನು ನುಂಗಿಕೊಂಡೆ. ಅವಳು ಆಕಳನ್ನು ಕೊಟ್ಟಿಗೆಯ ಕತ್ತಲೆಗೆ ಕಟ್ಟಲು ನನ್ನ ಕೈಗೆ ಹಗ್ಗ ಕೊಟ್ಟಳು.

ಲಸಿಕೆಯ ಕೆಲಸವನ್ನು ಜೊತೆಯವರಿಗೆ ಬಿಟ್ಟು ಮೇಡಂ ಸಂಜೆಯೊಳಗೆ ಬಂದರು. ಇದ್ದಿಲ ಪುಡಿಯ ಔಷಧಿಯನ್ನು ನೀರಿನಲ್ಲಿ ಕಲಸಿ ನಳಿಗೆಯಿಂದ ಹೊಟ್ಟೆಗೆ ಇಳಿಸಿದರು, ಸಲೈನ್ ಹಚ್ಚಿದರು. ಹೊಟ್ಟೆಯಲ್ಲಿರುವ ಸೊಪ್ಪು ಸುಮ್ಮನಿರುವುದಿಲ್ಲ, ಅದು ಇರುವಷ್ಟು ಹೊತ್ತೂ ವಿಷ ಪಿತ್ತಜನಕಾಂಗಕ್ಕೆ ಹೋಗುತ್ತಲೇ ಇರುತ್ತದೆ ಎಂದು ವಿವರಿಸಿದರು. ನಾನು ಸಲೈನ್ ಬಾಟಲಿ ಎತ್ತಿ ಹಿಡಿದು ನಿಂತಿದ್ದೆ. ಬೆಳಗಿನಿಂದ ಸಂಜೆಯವರೆಗಿನ ಒಂದೊಂದು ತಾಸೂ ಆ ಬಾಟಲಿಯಲ್ಲಿ ಹನಿಯುವಂತೆ ಕಂಡಿತು.

ಆಕಳು ಉಳಿಯಿತು. ಎಂಟು ದಿನ ಮೇಡಂ ಬಂದು ಹೋದರು, ಎರಡು ವಾರದ ಮೇಲೆ ಅದು ಮೇವಿಗೆ ಬಾಯಿ ಹಾಕಿತು. ಬಿಳಿ ಚರ್ಮ ಸಿಪ್ಪೆ ಸಿಪ್ಪೆಯಾಗಿ ಕಳಚಿತು, ಒಂದು ಕಿವಿಯ ತುದಿ ಉದುರಿತು. ಆಮೇಲೆ ಅದಕ್ಕೆ ಕಣಕಿ ತಂದು ಹಾಕಿದವನು ನಾನು. ಬೇಲಿಯನ್ನು ನಾನೂ ಅವಳೂ ಸೇರಿ ಬುಡಸಮೇತ ಅಗೆದೆವು. ನನ್ನ ಹೆಂಡತಿ ಚಹಾ ಮಾಡಿ ತಂದು, ಇಷ್ಟು ವರ್ಷಕ್ಕೆ ಹಿತ್ತಲಿಗೆ ಗಾಳಿ ಬಂತು ಎಂದಳು.

ಅಗೆದು ದಣಿದು ಪರಸಿಯ ಮೇಲೆ ಕುಳಿತಾಗ ನಾನು ಉಳಿದದ್ದನ್ನೂ ಹೇಳಲು ಬಾಯಿ ತೆರೆದೆ. ಅವಳು ತಡೆದಳು.

"ಗೊತ್ತದ ಬಿಡ್ರಿ ಕಾಕಾ. ಆಕಳಾ ಮೇವ್ ತಿನ್ನಾದರ ಫೋಟೋ ಮೇಡಂಗ ಕಳಸ್ಲಿಕ್ಕ ನಿಮ್ಮ ಫೋನ್ ಇಸ್ಕೊಂಡಿದ್ದೆ. ಮೇಡಂ ಕಳಿಸಿದ ಫೋಟೋದ ಕೆಳಗ ಟೈಮ್ ಇರ್ತದ. ನನಗೂ ಓದ್ಲಿಕ್ಕ ಬರ್ತದ."

"ಮತ್ತ ಬೈಲಿಲ್ಲ ಯಾಕ?"

"ಬೈತಿದ್ದೆ. ಆಕಳಾ ಸತ್ತಿದ್ರ."

ಹೀಗೆಂದು ಚಹಾ ಕುಡಿದಳು. ಮರುದಿನ ಹಾಲು ಅಳೆದಾಗ ಕೈ ಬಗ್ಗಿಸಲಿಲ್ಲ. ಲೀಟರೆಂದರೆ ಲೀಟರು.

ಲಂಟಾನ ಅಷ್ಟು ಸುಲಭಕ್ಕೆ ಹೋಗುವ ಜಾತಿಯಲ್ಲ. ಮಳೆ ಬಿದ್ದಾಗಲೆಲ್ಲ ಉಳಿದ ಬೇರು ಚಿಗುರುತ್ತದೆ. ಈಗ ಅವಳ ಫೋನಿಗೆ ಹೊಸ ಗಾಜು ಬಂದಿದೆ. ಚಿಗುರು ಕಂಡ ದಿನ ಮಾತಿಲ್ಲದೆ ಒಂದು ಫೋಟೋ ಕಳಿಸುತ್ತಾಳೆ. ಜೋಡಿ ಎಲೆ, ಗರಗಸದ ಅಂಚು. ನಾನು ಗುದ್ದಲಿ ತೆಗೆದುಕೊಂಡು ಹೋಗುತ್ತೇನೆ. ಹೋದ ತಿಂಗಳು ಬಂದ ಫೋಟೋದಲ್ಲಿ ಎಲೆ ಸೀಳು ಸೀಳಾಗಿತ್ತು. ಪಾರ್ಥೇನಿಯಂ ಎಂದು ಗುದ್ದಲಿ ಹಿಡಿದು ಹೋಗಿ ನೋಡಿದರೆ ಅವಳು ಡಬ್ಬಿಯಲ್ಲಿ ಹಚ್ಚಿದ ಶೇವಂತಿಗೆ ಸಸಿ. ಹೂ ಬರುವ ತನಕ ಹೇಳುವುದು ಕಷ್ಟವೆಂದು ನಾನು ವಾದಿಸುತ್ತಿದ್ದರೆ ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಆ ಸಂಜೆ ಪಾತ್ರೆಗೆ ಹಾಲು ಸುರಿಯುವಾಗ ಕೈ ಸ್ವಲ್ಪ ಬಗ್ಗಿತು.