ಎಂಟು ಗಂಟೆಗೆ ಮುಚ್ಚುವ ಹಾಳೆ

ಕಲ್ಸೋಮ್ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಕ್ಲಾಂಗ್ ಬಂದರಿನ ಸರಕು ಸಾಗಣೆ ಕಚೇರಿಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಸಂಬಳದ ಪಟ್ಟಿ ಬರೆಯುತ್ತಿದ್ದಳು. ಸೇರಿದ ಹೊಸದರಲ್ಲಿ, ಗೋಡೆಯ ಗಡಿಯಾರಕ್ಕೆ ಕಾರ್ಡು ತುರುಕಿ ಹಾಜರಿ ಒತ್ತುವ ಕಾಲದಲ್ಲಿ, ಒಬ್ಬನೇ ಗಂಡಸು ಆರು ಜನರ ಕಾರ್ಡು ಒತ್ತುವುದನ್ನು ಕಂಬದ ಮರೆಯಿಂದ ಕಣ್ಣಾರೆ ಕಂಡಿದ್ದಳು. ಅಂದಿನಿಂದ ಅವಳ ಹುಬ್ಬಿನ ಗಂಟು ಸಡಿಲವಾಗಲಿಲ್ಲ. ಕಿರಿಯರು ಎದುರಿಗೆ ಅಕ್ಕರೆಯಿಂದ, ಅಕ್ಕ ಎಂಬರ್ಥದಲ್ಲಿ ‘ಕಾಕ್ ಸೋಮ್’ ಎಂದು ಕರೆದರೂ, ಹಿಂದಿನಿಂದ ‘ಪೊಲೀಸಕ್ಕ’ ಎನ್ನುತ್ತಿದ್ದರು.

ವಾರಕ್ಕೆ ಮೂರು ದಿನ ಕಚೇರಿ, ಎರಡು ದಿನ ಮನೆಯಿಂದ ಕೆಲಸ ಎಂಬ ಏರ್ಪಾಡು ಬಂದಾಗ ಸಮಯದ ನಿಯಮ ಬರೆಯುವ ಭಾರ ಅವಳ ಮೇಲೆಯೇ ಬಿತ್ತು. ಆಡಳಿತ ನೋಡುವ ಶರೀಫಾ ಮೇಡಂ ಕರೆದು ಹೇಳಿದರು: “ಕಾಕ್ ಸೋಮ್, ಎಲ್ಲರೂ ಒಟ್ಟಿಗೆ ಸಿಗೋ ಹೊತ್ತು ಯಾವುದು, ಅವರವರ ಇಷ್ಟಕ್ಕೆ ಬಿಡೋ ಹೊತ್ತು ಯಾವುದು, ನೀವೇ ಗೀಟು ಹಾಕಿ. ಆಮೇಲೆ ಸಂಬಳದಲ್ಲಿ ತಕರಾರು ಬರಬಾರದು.”

ಅವಳು ಗೀಟು ಹಾಕಿದಳು. ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ, ಮತ್ತೆ ಎರಡರಿಂದ ನಾಲ್ಕು ಕಡ್ಡಾಯ. ಶುಕ್ರವಾರ ಮಸೀದಿಗೆ ಹೋಗುವವರಿಗಾಗಿ ಎರಡನೆಯ ಕಡ್ಡಾಯ ಹೊತ್ತು ಮೂರಕ್ಕೆ ಶುರು. ಆ ಹೊತ್ತಿನಲ್ಲಿ ಮನೆಯಲ್ಲಿದ್ದರೂ ಕರೆದ ಕೂಡಲೇ ಓಗೊಡಬೇಕು. ಊಟದ ಬಿಡುವು ಬಿಟ್ಟು ದಿನಕ್ಕೆ ಎಂಟು ಗಂಟೆ ಕೆಲಸ. ಉಳಿದ ಹೊತ್ತನ್ನು ಬೆಳಿಗ್ಗೆ ಏಳರಿಂದ ರಾತ್ರಿ ಎಂಟರೊಳಗೆ ಎಲ್ಲಿ ಬೇಕಾದರೂ ತುಂಬಿಕೊಳ್ಳಬಹುದು. ಪ್ರತಿಯೊಬ್ಬರೂ ಶುರು ಮಾಡಿದ್ದು, ನಿಲ್ಲಿಸಿದ್ದು ತಾವೇ ಕಂಪ್ಯೂಟರಿನ ಹಾಳೆಯಲ್ಲಿ ಬರೆಯಬೇಕು. ಮೇಲ್ವಿಚಾರಕರು ಒಪ್ಪಿದ ಮೇಲೆ ಅದು ಸಂಬಳಕ್ಕೆ ಬರುತ್ತದೆ. ಏಳಕ್ಕೆ ಮುಂಚಿನ, ಎಂಟರ ನಂತರದ ಹೊತ್ತನ್ನು ಹಾಳೆ ಸ್ವೀಕರಿಸದಂತೆ ಅವಳೇ ಬೀಗ ಹಾಕಿಸಿದಳು. ಇಲ್ಲದಿದ್ದರೆ ಜನ ಟೀವಿ ನೋಡಿದ ಹೊತ್ತನ್ನೂ ಕೆಲಸವೆಂದು ಬರೆದಾರು ಎಂಬ ಶಂಕೆ.

ಎರಡು ತಿಂಗಳು ಎಲ್ಲ ಸರಾಗ. ಅದೇ ಅವಳಿಗೆ ಸರಿಬರಲಿಲ್ಲ.

ಯುರೋಪಿನ ಗಿರಾಕಿಗಳ ಕಾಗದಪತ್ರ ನೋಡುವ ಪೂಂಗೊಡಿಯ ಹಾಳೆಯಂತೂ ಅಚ್ಚು ಹೊಡೆದಂತಿತ್ತು. ಮನೆಯಿಂದ ಕೆಲಸ ಮಾಡಿದ ಪ್ರತಿ ಮಂಗಳವಾರ, ಪ್ರತಿ ಗುರುವಾರ, ಬೆಳಿಗ್ಗೆ ಏಳೂವರೆಯಿಂದ ಸಂಜೆ ನಾಲ್ಕೂವರೆ, ನಡುವೆ ಒಂದು ಗಂಟೆ ಊಟ. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ‘ಮನುಷ್ಯರು ಹೀಗೆ ಬದುಕುತ್ತಾರೆಯೇ?’ ಎಂದು ಕಲ್ಸೋಮ್ ಪರದೆಯನ್ನೇ ದಿಟ್ಟಿಸಿದಳು.

ಮರುವಾರದ ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಅವಳು ಮೇರು ಮಾರುಕಟ್ಟೆಯಲ್ಲಿ ಬಂಗುಡೆ ಆರಿಸುತ್ತಿದ್ದಾಗ, ಎದುರಿನ ಸಾಲಿನಲ್ಲಿ ಪೂಂಗೊಡಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ನಿಂತಿದ್ದಳು. ಕಲ್ಸೋಮ್ ಮೀನಿನ ಬುಟ್ಟಿಯ ಹಿಂದೆ ಬಾಗಿದಳು. ಕಚೇರಿಗೆ ಹೋಗಿ ನೋಡಿದರೆ, ಆ ದಿನದ ಹಾಳೆಯಲ್ಲೂ ಅದೇ ಏಳೂವರೆ.

ಅಂದಿನಿಂದ ಅನ್ನ ರುಚಿಸಲಿಲ್ಲ. ನಗುನಗುತ್ತ ಮಾತಾಡುವ ಹುಡುಗಿ, ಹಬ್ಬಕ್ಕೆ ಚಕ್ಕುಲಿ ಕೊಡುವ ಹುಡುಗಿ! ಹಡಗಿನ ಕಾಗದಗಳನ್ನು ತಯಾರಿಸುವ ತಂತ್ರಾಂಶ ಪ್ರತಿ ಕಾಗದಕ್ಕೂ ವೇಳೆ ನಮೂದಿಸುತ್ತದೆ. ಶರೀಫಾ ಮೇಡಂ ಅವರ ಅನುಮತಿ ಪಡೆದು ಕಲ್ಸೋಮ್, ಪೂಂಗೊಡಿ ಮನೆಯಿಂದ ದುಡಿದ ದಿನಗಳ ಪಟ್ಟಿ ತರಿಸಿಕೊಂಡಳು. ಕಳ್ಳಿ ಸಿಕ್ಕಳೆಂದೇ ಬಗೆದು ಬೆರಳಿಟ್ಟು ಓದತೊಡಗಿದಳು.

ಬೆಳಿಗ್ಗೆ ಹತ್ತರ ಮುಂಚೆ ಒಂದು ಕಾಗದವೂ ಇರಲಿಲ್ಲ. ಆದರೆ ಹತ್ತರಿಂದ ಸಂಜೆ ಐದರವರೆಗೆ ಸಾಲು ಸಾಲು ಇತ್ತು. ಮತ್ತೆ ರಾತ್ರಿ ಎಂಟೂವರೆಯಿಂದ ಹನ್ನೊಂದರವರೆಗೂ ಇತ್ತು. ಅವಳು ಪೆನ್ಸಿಲು ತೆಗೆದು ಕೂಡಿದಳು. ಊಟದ ಹೊತ್ತು ಕಳೆದರೆ ಹಗಲು ಆರು ಗಂಟೆ, ರಾತ್ರಿ ಎರಡೂವರೆ. ದಿನಕ್ಕೆ ಒಟ್ಟು ಎಂಟೂವರೆ. ಹಾಳೆಯಲ್ಲಿ ಇದ್ದದ್ದು ಎಂಟು. ಕದಿಯುವವಳು ಕಡಿಮೆ ಬರೆದುಕೊಳ್ಳುತ್ತಾಳೆಯೇ?

ಮರುದಿನ ಪೂಂಗೊಡಿಯನ್ನು ಚಹಾದ ನೆಪದಲ್ಲಿ ಕೆಳಗಿನ ಅಂಗಡಿಗೆ ಕರೆದೊಯ್ದಳು.

“ಮಂಗಳವಾರ ಬೆಳಿಗ್ಗೆ ಮಾರ್ಕೆಟ್ಟಲ್ಲಿ ನಿನ್ನ ನೋಡ್ದೆ.”

ಪೂಂಗೊಡಿ ಬೆದರಲಿಲ್ಲ. “ನಾನೂ ನೋಡ್ದೆ ಕಾಕ್ ಸೋಮ್. ಮೀನಿನ ಬುಟ್ಟಿ ಹಿಂದೆ ಬಗ್ಗಿದ್ರಲ್ಲ! ಅವತ್ತಿಂದ ನನಗೂ ಅನುಮಾನ. ನಮಗೆಲ್ಲ ನಿಯಮ ಮಾಡಿ, ಇವ್ರು ಕೆಲಸದ ಹೊತ್ತಲ್ಲಿ ಮೀನು ತಗೋತಾರಲ್ಲ ಅಂತ.”

“ನಾನು ಒಂಬತ್ತೂವರೆಗೆ ಶುರು ಮಾಡ್ದೆ, ಹಾಗೇ ಬರ್ದಿದೀನಿ!” ಕಲ್ಸೋಮಳ ಲೋಟ ತುಳುಕಿತು. “ನೀನು ಮಾತ್ರ ಏಳೂವರೆ ಅಂತ ಯಾಕೆ ಬರ್ದೆ? ನಿಜ ಹೇಳು.”

“ಹೇಳಿದ್ರೆ ಸಂಬಳ ಹಿಡೀತೀರಾ?”

“ಹೇಳದಿದ್ರೆ ಏನು ಹಿಡೀಬೇಕು ಅಂತಾನೇ ಗೊತ್ತಾಗಲ್ಲ.”

ಪೂಂಗೊಡಿ ಚಮಚ ಕೆಳಗಿಟ್ಟಳು. “ಯುರೋಪಿನವ್ರು ಕಚೇರಿ ತೆಗೆಯೋ ಹೊತ್ತಿಗೆ ನಮಗೆ ಸಂಜೆ. ಅವರ ಉತ್ತರ ಬರೋದೇ ರಾತ್ರಿ. ‘ಆಗ ನೀನು ಕೂತಿರ್ಬೇಕು’ ಅಂತ ಟಿಯೋ ಸರ್ ಹೇಳಿದ್ರು. ಕೂತೆ. ಬರೆಯೋಕೆ ಹೋದ್ರೆ ನಿಮ್ಮ ಹಾಳೆ ಕೆಂಪಗೆ ಉರಿಯುತ್ತೆ, ‘ಎಂಟರ ನಂತರ ಸಲ್ಲದು’ ಅಂತ. ಕೇಳಿದ್ದಕ್ಕೆ ಸರ್, ‘ಅದೇನು ದೊಡ್ಡ ವಿಷ್ಯ, ಬೆಳಿಗ್ಗೆ ಏಳೂವರೆ ಅಂತ ಹಾಕು, ಲೆಕ್ಕ ಎಂಟಕ್ಕೆ ಬರುತ್ತೆ’ ಅಂದ್ರು. ನಮ್ಮ ತಂಡದ ಐದೂ ಜನ ಹಾಗೇ ಹಾಕೋದು.”

“ನನ್ನ ಹತ್ರ ಬಂದು ಹೇಳೋಕೆ ಏನಾಗಿತ್ತು?”

“ನಿಮ್ಮ ಹತ್ರಾನಾ?” ಪೂಂಗೊಡಿ ನಕ್ಕೇಬಿಟ್ಟಳು. “ಕಾಕ್ ಸೋಮ್, ನೀವು ‘ಬಾ’ ಅಂದ್ರೇ ನಮಗೆ ಎದೆ ಡವಡವ ಅನ್ನುತ್ತೆ.”

ಆ ಮಾತು ಕಲ್ಸೋಮಳಿಗೆ ಚಹಾಕ್ಕಿಂತ ಬಿಸಿಯಾಗಿ ತಗುಲಿತು. ಎಂಟಕ್ಕೆ ಬೀಗ ಹಾಕಿದ್ದು ಸುಳ್ಳು ತಡೆಯಲು. ಆ ಬೀಗವೇ ಐದು ಜನರ ಕೈಯಲ್ಲಿ ಸುಳ್ಳು ಬರೆಸಿತ್ತು.

ಮೇಲ್ವಿಚಾರಕ ಟಿಯೋ ಮೊದಲು ಭುಜ ಕುಣಿಸಿದ. “ಯಾರೂ ದೂರು ಕೊಟ್ಟಿಲ್ಲ. ಸಂಬಳ ಪೂರ್ತಿ ಹೋಗ್ತಿದೆ. ನೀವ್ಯಾಕೆ ಬೂದಿ ಕೆದಕ್ತೀರಿ?”

“ಪೂರ್ತಿ ಹೋಗ್ತಿಲ್ಲ, ಟಿಯೋ. ದಿನಕ್ಕೆ ಎಂಟು ದಾಟಿದ್ದಕ್ಕೆ ಒಂದೂವರೆ ಪಟ್ಟು ಕೊಡ್ಬೇಕು ಅಂತ ಕಾನೂನಿದೆ. ಈ ಐವರ ಸಂಬಳ ನಾಲ್ಕು ಸಾವಿರ ರಿಂಗಿಟ್ ಒಳಗೆ, ಅವರಿಗದು ಅನ್ವಯಿಸುತ್ತೆ. ನಾಳೆ ಕಾರ್ಮಿಕ ಇಲಾಖೆಯೋರು ಬಂದು, ಕಾಗದದ ವೇಳೆ ಒಂದು, ಹಾಜರಿ ವೇಳೆ ಒಂದು ಯಾಕೆ ಅಂದ್ರೆ? ಒಪ್ಪಿಗೆ ಒತ್ತಿರೋದು ನೀನು. ನಿಯಮ ಬರ್ದಿರೋದು ನಾನು.”

ಆ ಕೊನೆಯ ಮಾತನ್ನು ಅವಳು ಶರೀಫಾ ಮೇಡಂ ಎದುರಲ್ಲೂ ನುಂಗಲಿಲ್ಲ. “ತಪ್ಪು ನನ್ನ ಗೀಟಿನದು” ಎಂದೇ ಶುರು ಮಾಡಿದಳು. ಟಿಯೋ ಆಗ ತಲೆ ತಗ್ಗಿಸಿದ. ರಾತ್ರಿ ಕೂರಲು ತಾನೇ ಹೇಳಿದ್ದೆಂದು ಬರೆದುಕೊಟ್ಟ.

ಕಡ್ಡಾಯ ವೇಳೆಯನ್ನು ಮುಟ್ಟಲಿಲ್ಲ. ಯುರೋಪಿನ ತಂಡಕ್ಕೆ ಮಾತ್ರ ಇಷ್ಟದ ವೇಳೆ ರಾತ್ರಿ ಹನ್ನೊಂದರವರೆಗೆ ಚಾಚಿತು. ದಿನದಲ್ಲಿ ಎಷ್ಟು ತುಂಡಾಗಿ ದುಡಿದರೂ ಅಷ್ಟೂ ತುಂಡು ಬರೆಯಲು ಜಾಗ ಬಂತು. ಎಂಟು ಗಂಟೆ ಮೀರುವಂತಿದ್ದರೆ ಮೇಲ್ವಿಚಾರಕ ಮೊದಲೇ ಒಪ್ಪಬೇಕು. ಒಪ್ಪಿಗೆ ಇಲ್ಲದೆ ದುಡಿದಿದ್ದರೂ ಹಾಳೆ ಅದನ್ನು ತಳ್ಳುವುದಿಲ್ಲ, ಗುರುತು ಹಾಕಿ ಕಲ್ಸೋಮಳಿಗೆ ಕಳಿಸುತ್ತದೆ. ಹಳೆಯ ಎರಡು ತಿಂಗಳ ನಮೂದನ್ನು ಅಳಿಸದೆ, ಪಕ್ಕದಲ್ಲಿ ನಿಜವಾದ ವೇಳೆ, ಕಾರಣ, ದುಡಿದವರ ಮತ್ತು ಟಿಯೋನ ಸಹಿ ಸೇರಿಸಿದರು. ಬಾಕಿ ಮುಂದಿನ ಸಂಬಳದಲ್ಲಿ ಬೇರೆ ಸಾಲಾಗಿ ಹೋಯಿತು.

ಅಷ್ಟಾದರೂ ಕಚೇರಿ ಅವಳನ್ನು ತಟ್ಟನೆ ನಂಬಲಿಲ್ಲ. “ಪೊಲೀಸಕ್ಕ ಮೆತ್ತಗಾಗಿದಾಳೆ, ಹಿಂದೆ ಏನೋ ಇದೆ” ಎಂಬ ಪಿಸುಮಾತು ಅವಳ ಕಿವಿಗೂ ಬಿತ್ತು. ಟಿಯೋ ಮೂರು ವಾರ ಅವಳೊಡನೆ ಲಿಫ್ಟ್ ಹತ್ತಲಿಲ್ಲ.

ಸಂಬಳದ ಚೀಟಿ ಬಂದ ದಿನ ಪೂಂಗೊಡಿ ಕೈಯಲ್ಲಿ ತನ್ನದೇ ಒಂದು ಪುಸ್ತಕ ಹಿಡಿದು ಕಲ್ಸೋಮಳ ಮೇಜಿನ ಮುಂದೆ ನಿಂತಳು. ಎರಡು ತಿಂಗಳ ರಾತ್ರಿಗಳನ್ನೆಲ್ಲ ಅದರಲ್ಲಿ ದಿನಾಂಕ ಹಾಕಿ ಬರೆದಿಟ್ಟಿದ್ದಳು.

“ಒಂದೊಂದು ಸಾಲೂ ತಾಳೆ ನೋಡ್ಬೇಕು ಕಾಕ್ ಸೋಮ್.”

“ನನ್ನ ಮೇಲೆ ನಂಬಿಕೆ ಇಲ್ವಾ?”

“ಇನ್ನೂ ಇಲ್ಲ.”

ಕಲ್ಸೋಮ್ ಪಕ್ಕದ ಕುರ್ಚಿಯ ಮೇಲಿದ್ದ ಕಡತಗಳನ್ನು ಎತ್ತಿ ನೆಲಕ್ಕಿಟ್ಟು, “ಕೂತ್ಕೋ, ಮೊದಲನೇ ತಾರೀಕಿಂದ ಓದು” ಎಂದಳು.