ಫ್ಲ್ಯಾಶು ತಿಂದ ಎಂಟು

ಇಂಡಿ ಪಟ್ಟಣದ ಇನ್ವರ್ಟರ್ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಗೆ ಹೆಸರಿರಲಿಲ್ಲ. ಬ್ಯಾಟರಿಗೆ ನೀರು ಹಾಕುವವನು, ಚಹಾ ತರುವವನು, ಅಂಗಡಿಗೆ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಫೋಟೋಗ್ರಾಫರ್. ನನ್ನ ಹಳೆಯ ಫೋಟೋಗಳನ್ನು ಈಗ ನೋಡಿದರೆ ಬ್ಯಾಟರಿಗಿಂತ ನನ್ನ ಹೆಬ್ಬೆರಳೇ ಹೆಚ್ಚು ಕಾಣಿಸುತ್ತದೆ. ಆ ಹೆಬ್ಬೆರಳಿಗೂ ವಾರಂಟಿ ಕೊಡಬಹುದಿತ್ತು.

ಕೆಲಸ ಸರಳ. ಕೆಟ್ಟ ಬ್ಯಾಟರಿ ಬಂದರೆ ಮೂರು ಫೋಟೋ: ವಾರಂಟಿ ಕಾರ್ಡಿನದು, ಬಿಲ್ಲಿನದು, ಬ್ಯಾಟರಿಯ ಮೇಲೆ ಒತ್ತಿದ ನಂಬರಿನದು. ಸೈಬರ್ ಕೆಫೆಗೆ ಹೋಗಿ ವಿಜಾಪುರದ ಬ್ರ್ಯಾಂಚಿಗೆ ಮೇಲ್ ಮಾಡಬೇಕು. ಅಲ್ಲಿಯ ಸಾಹೇಬರು ನೋಡಿ ಹೂಂ ಎಂದರೆ ಹೊಸ ಬ್ಯಾಟರಿ, ಊಹೂಂ ಎಂದರೆ ಗಿರಾಕಿಯ ಬೈಗುಳ. ಸಾಹೇಬರದು ಬೈಗುಳ ತಿನ್ನದ ಕೆಲಸ, ಅದಕ್ಕೇ ಅವರು ಊಹೂಂ ಎನ್ನುವುದೇ ಹೆಚ್ಚು.

ಕಳ್ಳತನ ಮಾಡುವವರೂ ಇದ್ದರು ಎನ್ನಿ. ಸೇರಿದ ಹೊಸದರಲ್ಲಿ ಒಬ್ಬ ತಂದ ಕಾರ್ಡಿನಲ್ಲಿ ತಾರೀಖಿನ ಒಂದಕ್ಕೆ ಕೊಂಬು ಹಚ್ಚಿ ನಾಲ್ಕು ಮಾಡಿದ್ದ. ಕಾರ್ಡನ್ನು ಬೆಳಕಿಗೆ ಓರೆ ಹಿಡಿದರೆ ಹಳೆಯ ಶಾಯಿ ಮಂಕು, ಆಮೇಲೆ ಬರೆದ ಗೆರೆ ಮಿಂಚುತ್ತಿತ್ತು. ಇನ್ನೊಬ್ಬನ ಬಿಲ್ಲು ಬ್ಯಾಟರಿ ತಯಾರಾಗುವುದಕ್ಕಿಂತ ಮುಂಚಿನದು. ನಮ್ಮ ಕಂಪನಿಯ ನಂಬರಿನಲ್ಲಿ ಮೊದಲ ಎರಡು ಅಂಕಿ ವರ್ಷ, ಮುಂದಿನ ಎರಡು ತಿಂಗಳು. ಹುಟ್ಟದ ಕೂಸಿಗೆ ಹೆಸರಿಟ್ಟಿದ್ದ ಪುಣ್ಯಾತ್ಮ. ಇಬ್ಬರನ್ನೂ ನಾನೇ ಹಿಡಿದೆ. ಅಂದಿನಿಂದ ಬಜಾರಿನಲ್ಲಿ ನಡೆಯುವಾಗ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಎರಡು ಸಲ ಹೊಲಿಸಬೇಕಾಯಿತು.

ಹೊಲಿದುಕೊಟ್ಟವರು ಟೇಲರ್ ಆಪಾ, ಊರಿಗೆಲ್ಲ ಅಕ್ಕ. ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಸಂಜೆ ಕರೆಂಟು ಹೋದಾಗ ಇಡೀ ಓಣಿಯಲ್ಲಿ ಅವರದೊಂದೇ ಅಂಗಡಿಗೆ ಬೆಳಕು, ನಾಲ್ಕಾರು ಹೆಣ್ಣುಮಕ್ಕಳು ಮಷಿನ್ ತುಳಿಯುತ್ತ ಕೂತಿರುತ್ತಿದ್ದರು. ಆ ಇನ್ವರ್ಟರು ನಮ್ಮದೇ ಅಂಗಡಿಯದು. ವರ್ಷ ತುಂಬುವ ಮೊದಲೇ ಅದರ ಬ್ಯಾಟರಿ ಕೈಕೊಟ್ಟಿತು. ಲಗ್ನದ ಸೀಜನ್ನು, ಹೊಲಿಯಬೇಕಾದ ಜಂಪರು, ಬ್ಲೌಸುಗಳ ರಾಶಿ. ಆಪಾ ಬ್ಯಾಟರಿಯನ್ನು ಟಾಂಗಾದಲ್ಲಿ ಹಾಕಿಸಿಕೊಂಡು ಬಂದರು.

ಕಾರ್ಡು, ಬಿಲ್ಲು ಎರಡನ್ನೂ ಲ್ಯಾಮಿನೇಶನ್ ಮಾಡಿಸಿದ್ದರು. ನಮ್ಮ ಕಡೆ ಬೆಲೆ ಇರುವ ಕಾಗದಕ್ಕೆಲ್ಲ ಅದೇ ಸನ್ಮಾನ: ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ನಮ್ಮ ಮಾವನ ಮದುವೆ ಪತ್ರಿಕೆ. ನಾನು ಕ್ಯಾಮೆರಾಕ್ಕೆ ಹೊಸ ಸೆಲ್ ಹಾಕಿ, ಅಂಗಡಿ ಕತ್ತಲೆಂದು ಫ್ಲ್ಯಾಶ್ ಹೊಡೆದು, ಮೂರೂ ಫೋಟೋ ಕಳಿಸಿದೆ.

ಉತ್ತರ ಬಂತು. ಬ್ಯಾಟರಿಯ ಮೇಲಿನ ನಂಬರಿನಲ್ಲಿ ತಿಂಗಳು ಎಂಟು, ಕಾರ್ಡಿನಲ್ಲಿ ಬರೆದ ನಂಬರಿನಲ್ಲಿ ಮೂರು, ತಿದ್ದಲಾಗಿದೆ. ಫೋಟೋದ ಮೇಲಿನ ತಾರೀಖು ಬಿಲ್ಲಿನ ತಾರೀಖಿಗಿಂತ ಹಿಂದಿನದು. ಗಿರಾಕಿ ಮೋಸ ಮಾಡಿದ್ದಾರೆ, ಕ್ಲೇಮು ರದ್ದು, ಮುಂದೆ ಇವರ ಯಾವ ಕ್ಲೇಮೂ ಕಳಿಸಬೇಡಿ.

ಅಂಗಡಿಯ ಮಾಲೀಕರಾದ ಸಾವುಕಾರರು ಅದನ್ನು ನನ್ನಿಂದಲೇ ಓದಿಸಿದರು. ಆಪಾ ಎದುರಿಗೇ ಕೂತಿದ್ದರು, ಹಿಂದೆ ಇನ್ನಿಬ್ಬರು ಗಿರಾಕಿಗಳು. "ಮೋಸ" ಎಂಬ ಶಬ್ದಕ್ಕೆ ಬಂದಾಗ ನಾನು ಕೆಮ್ಮಿದೆ. ಕೆಮ್ಮಿನಿಂದ ಶಬ್ದ ಮುಚ್ಚಲಿಲ್ಲ.

ಸಾವುಕಾರರು ಕೆಟ್ಟವರಲ್ಲ, ಅಂಜುಬುರುಕರು. ಹಿಂದೆ ಬೇರೆ ಎರಡು ಕ್ಲೇಮು ರದ್ದಾದಾಗಲೇ ಬ್ರ್ಯಾಂಚಿನವರು ನಮ್ಮ ಏಜೆನ್ಸಿ ಕಿತ್ತುಕೊಳ್ಳುವ ಮಾತಾಡಿದ್ದರು. ಆಪಾನಿಗೆ ಸಮಾಧಾನ ಹೇಳಿ, ಗೋದಾಮಿನ ಹಳೆಯ ಬ್ಯಾಟರಿ ಒಂದನ್ನು ಸುಮ್ಮನೆ ಒಯ್ಯಿರಿ, ಮಾತು ಇಲ್ಲಿಗೇ ಮುಗಿಯಲಿ ಎಂದರು.

ಆಪಾ ಏಳಲೇ ಇಲ್ಲ.

"ಸಾವುಕಾರ್ರ, ನನಗ ಧರ್ಮದ ಬ್ಯಾಟರಿ ಬ್ಯಾಡ್ರಿ. ಮಂದಿ ನನ್ನ ಕೈಯಾಗ ಮೀಟರ್‌ಗಟ್ಟಲೆ ಅರಬಿ ಕೊಟ್ಟು ಹೋಗ್ತಾರ, ಒಂದು ತುಂಡು ಉಳಿದ್ರೂ ಗಂಟು ಕಟ್ಟಿ ವಾಪಸ್ ಕೊಡ್ತೇನಿ. ಮೋಸ ಮಾಡ್ಯಾಳ ಅನ್ನೂ ಮಾತು ಅಳಿಸ್ರಿ. ಆಮ್ಯಾಲೆ ಬ್ಯಾಟರಿ ಮಾತು."

ಮಹಾ ಪತ್ತೇದಾರನಾದ ನಾನು ಕಾರ್ಡನ್ನು ಬಾಗಿಲ ಬೆಳಕಿಗೆ ಒಯ್ದು ಓರೆ ಹಿಡಿದೆ. ತಿದ್ದಿದ ಗೆರೆ ಹುಡುಕಿದರೆ ತಿದ್ದೇ ಇಲ್ಲ. ದಪ್ಪನೆಯ, ತಣ್ಣಗೆ ಕೂತ ಎಂಟು. ಕ್ಯಾಮೆರಾದಲ್ಲಿ ನೋಡಿದೆ: ಮೂರು. ಮತ್ತೆ ಕಾರ್ಡು: ಎಂಟು. ನನ್ನ ಫ್ಲ್ಯಾಶು ಪ್ಲಾಸ್ಟಿಕ್ಕಿನ ಮೇಲೆ ಬಿದ್ದು, ಬೆಳ್ಳಗೆ ಮಿಂಚಿ, ಇಂಗ್ಲಿಷ್ ಎಂಟರ ಎಡಗೆನ್ನೆಯನ್ನು ತಿಂದು ಹಾಕಿತ್ತು. ಇನ್ನು ತಾರೀಖು? ಆ ಕ್ಯಾಮೆರಾದಲ್ಲಿ ಸೆಲ್ ಬದಲಿಸಿದರೆ ತಾರೀಖು ಯಾವುದೋ ಹಳೆಯ ವರ್ಷದ ಜನವರಿ ಒಂದಕ್ಕೆ ಓಡಿಹೋಗುತ್ತಿತ್ತು. ಪ್ರತಿ ಸಲ ಸರಿಮಾಡುತ್ತಿದ್ದೆ, ಅಂದು ಮರೆತಿದ್ದೆ. ಬುಕ್ಕಿನಿಂದ ಬಿಲ್ಲು ಹರಿಯುವ ಮೊದಲೇ ಅದರ ಫೋಟೋ ತೆಗೆದ ಜಗತ್ತಿನ ಏಕೈಕ ಕಲಾವಿದ ನಾನು.

ಸಾವುಕಾರರ ಕಿವಿಯಲ್ಲಿ ಹೇಳಿದೆ. ಅವರು ಕಿವಿಯಲ್ಲೇ ಉತ್ತರ ಕೊಟ್ಟರು: ಈಗ ತಪ್ಪು ನಮ್ಮದೆಂದರೆ ಏಜೆನ್ಸಿ ಹೋಗುತ್ತದೆ, ನೀನೂ ಹೋಗುತ್ತೀ, ಬಾಯಿ ಮುಚ್ಚು. ನನ್ನ ಬಾಯಿಗೆ ಅವರು ಆ ಕೆಲಸ ಎಂದೂ ಕೊಡಬಾರದಿತ್ತು. ಅಂಗಡಿ ತುಂಬ ಕೇಳುವಂತೆ ಹೇಳಿಬಿಟ್ಟೆ: "ಎಂಟು ಐತ್ರಿ ಆಪಾ. ಮೂರು ಮಾಡಿದಾವ ನಾನು."

ಆ ವಾರ ಸಾಹೇಬರು ಜೀಪಿನಲ್ಲಿ ಸುತ್ತಾಟಕ್ಕೆ ಬರುವವರಿದ್ದರು. ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಮುಗಿಸಿ ಕೊನೆಗೆ ಇಂಡಿ. ಅವರು ಬಂದಾಗ ಆಪಾ ನಮ್ಮ ಸ್ಟೂಲಿನ ಮೇಲೆ ಜಂಪರಿಗೆ ಹುಕ್ಕು ಹಚ್ಚುತ್ತ ಕೂತಿದ್ದರು. ಮೋಸದ ಮಾತು ಅಳಿಸುವ ತನಕ ಎಂದು ದಿನಾ ಬಂದು ಕೂಡುತ್ತಿದ್ದರು. ಸಾವುಕಾರರು ಅವರಿಗೆ ಚಹಾ ತರಿಸಿ ಸೋತಿದ್ದರು.

ನಾನು ಸಾಹೇಬರ ಮುಂದೆ ಕಾರ್ಡು ಇಟ್ಟೆ. ಪಕ್ಕದಲ್ಲಿ ಅಂಗಡಿಯ ಬಿಲ್ ಬುಕ್ಕು. ಆಪಾನ ಬಿಲ್ಲಿನ ಕಾರ್ಬನ್ ಪ್ರತಿಯಲ್ಲಿ ಬರೆದ ಬ್ಯಾಟರಿ ನಂಬರಿನಲ್ಲೂ ಅದೇ ಎಂಟು, ಹಿಂದಿನ ಬಿಲ್ಲು, ಮುಂದಿನ ಬಿಲ್ಲು ಎಲ್ಲ ತಾರೀಖಿನ ಸಾಲಿನಲ್ಲೇ. ಆಗಸ್ಟಿನಲ್ಲಿ ಹುಟ್ಟಿದ ಬ್ಯಾಟರಿ, ಸೆಪ್ಟೆಂಬರಿನಲ್ಲಿ ಮಾರಾಟ. ಸಾಹೇಬರು ಕಾರ್ಡನ್ನು ಕೈಯಲ್ಲೂ ಹಿಡಿಯಲಿಲ್ಲ. ಫೋಟೋದಲ್ಲಿ ಮೂರು ಕಂಡಿದೆ, ಆಫೀಸಿಗೆ ಫೋಟೋವೇ ಪುರಾವೆ, ಫೈಲು ಮುಚ್ಚಿದೆ ಎಂದು ಜೀಪಿನ ಕಡೆ ಹೊರಟರು.

ಅವರ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ತೂಗುತ್ತಿತ್ತು. ಅದೂ ಲ್ಯಾಮಿನೇಶನ್ನಿನದು.

ಯಾವ ಧೈರ್ಯವೋ, ಯಾವ ದಡ್ಡತನವೋ. ಸಾಹೇಬ್ರ, ಒಂದು ಫೋಟೋಕ್ಕ ನಿಲ್ರಿ ಎಂದೆ. ಫೋಟೋ ಎಂದರೆ ಯಾರು ಬೇಡವೆನ್ನುತ್ತಾರೆ? ಕೂದಲು ಸರಿಮಾಡಿಕೊಂಡು ನಿಂತರು. ನಾನು ಅವರ ಮೋರೆ ಬಿಟ್ಟು ಐಡಿ ಕಾರ್ಡಿಗೆ ಕ್ಯಾಮೆರಾ ಒಡ್ಡಿ ಹೊಡೆದೆ. ಒಂದು ಸಲ ಹೆಬ್ಬೆರಳು ಬಂತು. ಮುಂದಿನ ಸಲ ಬರೋಬ್ಬರಿ ಕಾರ್ಡೇ ಬಂತು. ಅವರು ಕೂದಲು ಸರಿಮಾಡಿಕೊಳ್ಳುವಷ್ಟರಲ್ಲಿ ತಾರೀಖನ್ನು ಆ ಹಳೆಯ ವರ್ಷದ ಜನವರಿ ಒಂದಕ್ಕೆ ಇಟ್ಟಿದ್ದೆ, ಈ ಸಲ ಬೇಕಂತಲೇ.

ಪರದೆ ತೋರಿಸಿದೆ. ಅವರ ನೌಕರಿ ನಂಬರಿನ ಅರ್ಧ ಬೆಳ್ಳಗಾಗಿತ್ತು, ಉಳಿದ ಅರ್ಧದಲ್ಲಿ ಒಂದು ಅಂಕಿ ಬೇರೆಯೇ ಆಗಿತ್ತು. ಕೆಳಗಿನ ತಾರೀಖು ಅವರ ಕಾರ್ಡು ತಯಾರಾದ ತಾರೀಖಿಗಿಂತ ಹಿಂದಿನದು.

"ಸಾಹೇಬ್ರ, ಫೋಟೋನೇ ಪುರಾವೆ ಅಂದ್ರ ನೀವೂ ನಕಲಿ ಆದ್ರಿ. ಹೆಡ್ ಆಫೀಸಿಗೆ ಮೇಲ್ ಮಾಡ್ಲ್ಯಾ?"

ಸಾವುಕಾರರು ಕುರ್ಚಿ ಹಿಡಿದುಕೊಂಡರು. ಆಪಾ ಸೂಜಿ ನಿಲ್ಲಿಸದೆ, ತಲೆ ಎತ್ತದೆ ಹೇಳಿದರು: "ಅವರ ಕೇಸೂ ರದ್ದು ಮಾಡೋ ತಮ್ಮಾ. ಮೋಸ ಮಾಡ್ಯಾರ ಅಂತ ಬರಿ."

ಸಾಹೇಬರ ಮೋರೆ ಕೆಂಪಾಯಿತು. ಆಮೇಲೆ ಮೊದಲ ಬಾರಿಗೆ ಆಪಾನ ಕಾರ್ಡನ್ನು ಕೈಗೆ ತೆಗೆದುಕೊಂಡು ಬಾಗಿಲಿಗೆ ಹೋಗಿ ಓರೆ ಹಿಡಿದರು. ಬಿಲ್ ಬುಕ್ಕು ತಿರುವಿದರು. ಫ್ಲ್ಯಾಶಿಲ್ಲದೆ, ನೆರಳಿನಲ್ಲಿ, ತಾರೀಖು ಸರಿಮಾಡಿ ಮತ್ತೊಮ್ಮೆ ಫೋಟೋ ತೆಗೆಯಲು ನನಗೆ ಹೇಳಿದರು. ಬೆರಳು ಹಿಂದಿಟ್ಟುಕೋ ಎಂದೂ ಸೇರಿಸಿದರು. ಬ್ಯಾಟರಿ ಮಂಜೂರಾಯಿತು.

ಆಪಾ ಆಗಲೂ ಏಳಲಿಲ್ಲ. ಮೋಸ ಎಂದು ಕಾಗದದ ಮೇಲೆ ಬರೆದಿರಿ, ಅಲ್ಲವೆಂದೂ ಕಾಗದದ ಮೇಲೇ ಬರೆಯಿರಿ ಎಂದರು. ಸಾಹೇಬರು ನಮ್ಮ ಅಂಗಡಿಯ ಲೆಟರ್ ಹೆಡ್ಡಿನ ಮೇಲೆ ನಾಲ್ಕು ಸಾಲು ಬರೆದು, ಸಹಿ ಮಾಡಿ, ಚಹಾ ಕುಡಿಯದೆ ಜೀಪು ಹತ್ತಿದರು.

ನೌಕರಿ ಹೋಗುತ್ತದೆಂದು ನಾನು ಮೂಲೆಯಲ್ಲಿ ನಿಂತಿದ್ದೆ. ಸಾವುಕಾರರು ಇನ್ಸುಲೇಶನ್ ಟೇಪಿನ ತುಂಡು ಹರಿದು ಕ್ಯಾಮೆರಾದ ಫ್ಲ್ಯಾಶಿನ ಮೇಲೆ ಅಂಟಿಸಿದರು. ಇನ್ನೊಂದು ತುಂಡು ಹರಿದು ನನ್ನ ಬಾಯಿಯ ಕಡೆ ನೋಡಿದರು.

ಮರುದಿನ ಆಪಾನ ಅಂಗಡಿಗೆ ಹೊಸ ಬ್ಯಾಟರಿ ಜೋಡಿಸಲು ಹೋದೆ. ಸಾಹೇಬರ ಪತ್ರ ಆಗಲೇ ಗೋಡೆಯ ಮೇಲೆ, ಕನ್ನಡಿಯ ಪಕ್ಕದಲ್ಲಿ, ಬರುವವರಿಗೆಲ್ಲ ಕಾಣುವಂತೆ ತೂಗುತ್ತಿತ್ತು. ಲ್ಯಾಮಿನೇಶನ್ ಮಾಡಿಸಿದ್ದರು.