ಮೂರನೇ ಡಬ್ಬಿ

ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಬ್ಯಾಂಕಿನವರಿಗೆ ಮಾತ್ರ. ಮಿಕ್ಕವರಿಗೆಲ್ಲ ಅವನು ವೈರಣ್ಣ. ಮೊದಲು ಹದಿನೆಂಟು ವರ್ಷ ಟೆಲಿಫೋನ್ ಲೈನ್ ಎಳೆದಿದ್ದ. ಆ ಕಂಬಗಳ ಕಾಲ ಮುಗಿದ ಮೇಲೆ ಇಂಟರ್ನೆಟ್ ಕೆಲಸಕ್ಕೆ ಇಳಿದ. ಯಾರ ಮನೆಗೆ ಹೋದರೂ ಅವನ ಬಾಯಲ್ಲಿ ಮೊದಲು ಬರುತ್ತಿದ್ದ ಮಾತು ಒಂದೇ: "ವೈರ್ ಎಳೆದುಬಿಡೋಣ, ಆಮೇಲೆ ತಲೆನೋವಿರಲ್ಲ." ಗಾಳಿಯಲ್ಲೇ ಎಲ್ಲ ಬರುವಾಗ ಇವನೊಬ್ಬ ಹಳೇ ಕಾಲದವನು ಅಂತ ಜನ ನಕ್ಕರು. ನಗುತ್ತ ನಗುತ್ತ ಇಟ್ಟ ಹೆಸರೇ ಅಂಟಿಕೊಂಡಿತು. ಅವನಿಗೂ ಅದರ ಮೇಲೆ ಒಳಗೊಳಗೇ ಪ್ರೀತಿಯಿತ್ತು.

ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ಆದದ್ದನ್ನು ಹೇಳಬೇಕು.

ಮೇಷ್ಟ್ರ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಹಜಾರ, ಅದರ ಹಿಂದೆ ನಡುಮನೆ, ಆಮೇಲೆ ಮೇಷ್ಟ್ರು ಮಲಗುವ ಕೋಣೆ, ಅಡುಗೆಮನೆ, ತೀರ ಕೊನೆಗೆ ಅವರ ಅಕ್ಕನ ಕೋಣೆ. ಗೋಡೆಗಳು ಮೊಳದಪ್ಪ. ಮೊಬೈಲಿನ ಸಿಗ್ನಲ್ಲು ನಡುಮನೆಗೆ ಬರುವಷ್ಟರಲ್ಲೇ ಉಸಿರು ಬಿಡುತ್ತಿತ್ತು.

ಅಕ್ಕ ಟೈಲರ್. ಹುಟ್ಟಿದಾಗಿನಿಂದ ಕಿವಿ ಕೇಳದು. ಅವರ ಕಿರಿ ತಂಗಿಗೂ ಹಾಗೇ. ನಡುವಿನವರಾದ ಮೇಷ್ಟ್ರಿಗೆ ಮಾತ್ರ ಕಿವಿ ಕೇಳುತ್ತಿತ್ತು. ಅವರೂ ಮಾತು ಕಲಿಯುವ ಮೊದಲೇ ಕೈಭಾಷೆ ಕಲಿತಿದ್ದರು. ತಂಗಿ ಬೇರೆ ಊರಿನಲ್ಲಿ, ಆಸ್ಪತ್ರೆಯಲ್ಲಿದ್ದಳು. ಕ್ಯಾನ್ಸರ್ ಕೊನೆಗೆ ಬಂದಿತ್ತು. ಹೋಗಿ ನೋಡೋಣವೆಂದರೆ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದರು. ಆರು ವಾರ ಅಲುಗಾಡಬಾರದು ಅಂತ ಡಾಕ್ಟರು ಹೇಳಿದ್ದರು. ಹಜಾರಕ್ಕೆ ಮಂಚ ತರೋಣವೆಂದರೆ ನಡುವೆ ಮೆಟ್ಟಿಲು, ಕಿರಿದಾದ ಬಾಗಿಲು. ಹೀಗಾಗಿ ಇಬ್ಬರಿಗೂ ಉಳಿದ ದಾರಿ ವಿಡಿಯೋ ಕಾಲ್ ಒಂದೇ. ಅದಕ್ಕೇ ವೈರಣ್ಣನನ್ನು ಕರೆಸಿದ್ದು.

ಅವನು ಬಂದು ನೋಡಿದ. ರೂಟರ್ ಹಜಾರದಲ್ಲಿತ್ತು. "ಸಾರ್, ಮೆಶ್ ಹಾಕೋಣ. ಒಂದರಿಂದ ಒಂದಕ್ಕೆ ಸಿಗ್ನಲ್ ದಾಟಿಸೋ ಮೂರು ಡಬ್ಬಿ. ಒಂದು ಇಲ್ಲಿ, ಒಂದು ಮಧ್ಯದಲ್ಲಿ, ಒಂದು ಅಕ್ಕನ ಕೋಣೇಲಿ. ಆದ್ರೆ ಇಲ್ಲಿಂದ ಆ ಕೊನೇವರೆಗೂ ಒಂದು ವೈರ್ ಎಳೀಬೇಕು."

ಮೇಷ್ಟ್ರ ಮುಖ ಸಣ್ಣಗಾಯಿತು. ಆ ಗೋಡೆಗಳಿಗೆ ಅವರೇ ನಾಲ್ಕು ತಿಂಗಳು ಕೂತು ಬಣ್ಣ ಹಚ್ಚಿದ್ದರು. ನಡುಮನೆಯ ಒಂದು ಗೋಡೆ ಪೂರ್ತಿ ಹಕ್ಕಿಗಳು. ಹೊಲಿಯುತ್ತ ಕೂತಲ್ಲೇ ನೋಡಿಕೊಂಡಿರಲಿ ಅಂತ ಅಕ್ಕನ ಕೋಣೆಯಲ್ಲಿ ಒಂದು ಕೆರೆ ಬರೆದಿದ್ದರು.

"ನಾಲ್ಕು ಗೋಡೆಗೆ ತೂತು ಹೊಡೀಬೇಕಲ್ಲಪ್ಪ. ವೈರ್ ಇಲ್ದೆ ಆಗಲ್ವಾ? ಡಬ್ಬಿ ಮೇಲೆ ವೈರ್‌ಲೆಸ್ ಅಂತ್ಲೇ ಬರೆದಿದೆ."

"ಆಗುತ್ತೆ ಸಾರ್. ಆದ್ರೆ ಕೊನೇ ಡಬ್ಬಿಗೆ ತುಂಬಾ ಕಷ್ಟ."

"ಹೇಗೆ ಕಷ್ಟ?"

ವೈರಣ್ಣ ಹೇಳಿದ: "ಮಧ್ಯದ ಡಬ್ಬೀನ ಒಬ್ಬ ಮನುಷ್ಯ ಅಂತ ಇಟ್ಕೊಳ್ಳಿ. ಮುಂದಿನವನು ಹೇಳಿದ್ದನ್ನ ಕೇಳಿಸ್ಕೊಂಡು ಹಿಂದಿನವನಿಗೆ ಹೇಳ್ಬೇಕು. ಇದು ಅಗ್ಗದ ಸೆಟ್ಟು. ಎರಡಕ್ಕೂ ಅದೇ ಒಂದು ರೇಡಿಯೋ. ಕೇಳೋವಾಗ ಹೇಳಕ್ಕಾಗಲ್ಲ, ಹೇಳೋವಾಗ ಕೇಳಕ್ಕಾಗಲ್ಲ. ಅರ್ಧ ಹೊತ್ತು ಅದಕ್ಕೇ ಹೋಗುತ್ತೆ. ಹಿಂದಿನ ಡಬ್ಬೀಗೆ ಬರೋ ಹೊತ್ತಿಗೆ ಇನ್ನೂ ಅರ್ಧ. ಮೇಲೆ ನಿಮ್ಮ ಈ ಗೋಡೆಗಳು. ವೈರ್ ಹಾಕಿದ್ರೆ ಸುದ್ದಿ ವೈರಲ್ಲೇ ಹೋಗುತ್ತೆ, ಡಬ್ಬಿಯ ರೇಡಿಯೋ ಪೂರ್ತಿ ಅಕ್ಕನ ಫೋನಿಗೇ ಸಿಗುತ್ತೆ."

ಮೇಷ್ಟ್ರು ಗೋಡೆಯ ಹಕ್ಕಿಗಳನ್ನು ನೋಡಿದರು. "ಸದ್ಯಕ್ಕೆ ಹೀಗೇ ಹಾಕಿ ನೋಡೋಣ."

ಬಿಸಿಲು ಏರಿತ್ತು. ಇನ್ನೊಂದು ಕಡೆ ಒಂದು ಆಫೀಸಿನವರು ಕಾಯುತ್ತಿದ್ದರು. ವೈರಣ್ಣ ಮೂರೂ ಡಬ್ಬಿ ಇಟ್ಟ. ಹಜಾರದಲ್ಲಿ ವೇಗ ಅಳೆದರೆ ತೊಂಬತ್ತು ಎಂಬಿ, ಮಧ್ಯದಲ್ಲಿ ನಲವತ್ತು, ಅಕ್ಕನ ಕೋಣೆಯಲ್ಲಿ ಹದಿನಾಲ್ಕು. ಅಕ್ಕನ ಫೋನಿನಲ್ಲಿ ಸಿಗ್ನಲ್ ಗೀಟುಗಳೆಲ್ಲ ತುಂಬಿದ್ದವು. ತುಂಬದೆ ಏನು, ಡಬ್ಬಿ ಮಂಚದ ಪಕ್ಕದಲ್ಲೇ ಇತ್ತಲ್ಲ. ಆ ಗೀಟು ಹೇಳುವುದು ಫೋನಿಗೂ ಡಬ್ಬಿಗೂ ಇರುವ ನಂಟನ್ನು ಮಾತ್ರ. ಆ ಡಬ್ಬಿಗೂ ಮಧ್ಯದ ಡಬ್ಬಿಗೂ ನಂಟು ಹೇಗಿದೆ ಅನ್ನುವುದು ವೈರಣ್ಣನ ಫೋನಿನ ಆ್ಯಪಿನಲ್ಲಿ ಕಾಣುತ್ತಿತ್ತು. ಅಲ್ಲಿ ಮೂರನೇ ಡಬ್ಬಿಯ ಗೆರೆ ಹಳದಿಯಾಗಿತ್ತು, ಅಂದರೆ ನಂಟು ಬಲಹೀನ. ಅವನು ನೋಡಿದ. ಹದಿನಾಲ್ಕಿದ್ದರೆ ವಿಡಿಯೋಗೆ ಧಾರಾಳ ಅಂದುಕೊಂಡು ಆ್ಯಪು ಮುಚ್ಚಿದ.

ಅಷ್ಟರಲ್ಲಿ ಅಕ್ಕ ಫೋನು ಹಚ್ಚಿದ್ದರು. ಪರದೆಯ ಮೇಲೆ ತಂಗಿ ಬಂದಳು, ತಲೆಗೆ ಟೋಪಿ, ಕೈಗೆ ಸೂಜಿ. ಎರಡು ಜೊತೆ ಕೈಗಳು ಪಟಪಟನೆ ಆಡತೊಡಗಿದವು. ತಂಗಿ ಏನೋ ಹೇಳಿದಳು, ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರು ಅರ್ಥ ಹೇಳಿದರು: "ನರ್ಸಮ್ಮನ ಮೂಗಿನ ಬಗ್ಗೆ ಆಡ್ಕೋತಿದಾಳೆ." ವೈರಣ್ಣನಿಗೂ ನಗು ಬಂತು. ಸಂತೋಷವಾಗಿಯೇ ಹೊರಟ.

ಹತ್ತು ದಿನ ಕಳೆದ ಮೇಲೆ ಮೇಷ್ಟ್ರು ಫೋನು ಮಾಡಿದರು.

"ವೈರಣ್ಣ, ಬೆಳಿಗ್ಗೆ ಚೆನ್ನಾಗಿರುತ್ತೆ. ಸಂಜೆ ಆದ್ರೆ ಕೈ ಎಲ್ಲ ಹೊಗೆ ಥರ ಕಾಣುತ್ತಂತೆ. ಮುಖ ಕಾಣುತ್ತೆ, ಕೈ ಕಾಣಲ್ಲ ಅಂತಾಳೆ ಅಕ್ಕ."

ಯಾಕೆಂದು ವೈರಣ್ಣನಿಗೆ ಆ ಕ್ಷಣವೇ ಗೊತ್ತಾಯಿತು. ಸಂಜೆ ಅಕ್ಕಪಕ್ಕದ ಮನೆಯ ಡಬ್ಬಿಗಳೆಲ್ಲ ಎದ್ದು ಕೂರುತ್ತವೆ. ಒಂದೇ ಗಾಳಿಯಲ್ಲಿ ಎಲ್ಲರೂ ಮಾತಿಗೆ ನಿಂತರೆ ಬಲಹೀನವಾದ ನಂಟೇ ಮೊದಲು ಸೋಲುವುದು. ಹದಿನಾಲ್ಕು ಎರಡಕ್ಕೆ ಇಳಿಯುತ್ತದೆ, ಅದೂ ತಡೆತಡೆದು. ಆಗ ವಿಡಿಯೋ ತನ್ನನ್ನು ತಾನೇ ತೆಳು ಮಾಡಿಕೊಳ್ಳುತ್ತದೆ. ಅಲುಗಾಡದ ಮುಖ ಹೇಗೋ ಉಳಿಯುತ್ತದೆ. ಬೇಗ ಬೇಗ ಆಡುವ ಬೆರಳುಗಳು ಕಲಸಿಹೋಗುತ್ತವೆ. ಕಿವಿ ಕೇಳುವವರಾದರೆ ದನಿ ಹಿಡಿದು ಹೇಗೋ ಮಾತು ಮುಂದುವರಿಸಿಯಾರು. ಇವರಿಗೆ ಬೆರಳೇ ದನಿ.

ಇಷ್ಟೆಲ್ಲ ಗೊತ್ತಿದ್ದೂ ಅವನು ಹೇಳಿದ್ದು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸಾರ್. ಗುರುವಾರ ಬಂದು ನೋಡ್ತೀನಿ."

ಗುರುವಾರ ಆ ಆಫೀಸಿನ ಕೆಲಸ ಮುಗಿಯಲಿಲ್ಲ. ಶುಕ್ರವಾರವೂ ಮುಗಿಯಲಿಲ್ಲ. ಸೋಮವಾರ ಬೆಳಿಗ್ಗೆ ಹೋದ.

ಬಾಗಿಲು ತೆಗೆದ ಮೇಷ್ಟ್ರ ಗಡ್ಡ ಬೆಳೆದಿತ್ತು. ಒಳಗೆ ಬಿಟ್ಟುಕೊಂಡು ನಡುಮನೆಯ ಹಕ್ಕಿಗಳ ಗೋಡೆ ತೋರಿಸಿದರು. "ಎಲ್ಲಿ ಬೇಕಾದ್ರೂ ತೂತು ಹೊಡ್ಕೊಳಪ್ಪ."

ವೈರಣ್ಣ ಹಕ್ಕಿಗಳನ್ನು ನೋಡಿ ಮೇಷ್ಟ್ರ ಕಡೆ ತಿರುಗಿದ.

"ಶನಿವಾರ ಹೋದ್ಲು ತಂಗಿ," ಅಂದರು ಮೇಷ್ಟ್ರು. "ಶುಕ್ರವಾರ ಸಂಜೆ ಕಾಲ್ ಮಾಡಿದ್ಲು. ನಾನು, ನಮ್ಮನೆಯವಳು ಔಷಧಿ ತರಕ್ಕೆ ಹೋಗಿದ್ವಿ. ಅಕ್ಕ ಒಬ್ಳೇ. ನರ್ಸು ಫೋನನ್ನ ಸ್ಟ್ಯಾಂಡಿಗೆ ಸಿಕ್ಕಿಸಿ ಆಚೆ ಹೋಗಿದ್ರಂತೆ. ತುಂಬಾ ಹೊತ್ತು ಮಾತಾಡಿದ್ಲಂತೆ ತಂಗಿ. ಇವಳಿಗೆ ಒಂದಕ್ಷರ ತಿಳೀಲಿಲ್ಲ. ಕೈ ಕಾಣ್ತಿಲ್ಲ, ಕೈ ಕಾಣ್ತಿಲ್ಲ ಅಂತ ಇವಳು ಹೇಳ್ತಾನೇ ಇದ್ಲಂತೆ. ಅದು ಅವಳಿಗೆ ಕಾಣಿಸ್ತೋ ಇಲ್ವೋ."

ವೈರಣ್ಣ ಚೀಲ ಕೆಳಗಿಟ್ಟ. ಮನೆಯಿಂದ ಆಚೆ ಬಂದು ಪಕ್ಕದ ಓಣಿಗೆ ಹೋದ. ಹಜಾರದ ಕಿಟಕಿಯಿಂದ ಹಿಡಿದು ಅಕ್ಕನ ಕೋಣೆಯ ಕಿಟಕಿಯವರೆಗೂ ಸೂರಿನ ಕೆಳಗೆ ನೇರವಾಗಿ ಒಂದು ಮರದ ಪಟ್ಟಿ ಓಡಿತ್ತು. ಅದರ ಗುಂಟ ಕೇಬಲ್ ಎಳೆದರೆ ಮೂವತ್ತು ಮೀಟರೂ ಆಗದು. ಒಳಗಿನ ಒಂದು ಗೋಡೆಯನ್ನೂ ಮುಟ್ಟಬೇಕಿಲ್ಲ. ಎರಡು ಕಿಟಕಿಯ ಚೌಕಟ್ಟಿಗೆ ಬೆರಳು ತೂರದಷ್ಟು ತೂತು, ಅಷ್ಟೇ. ಮೊದಲ ದಿನ ಈ ಓಣಿಗೆ ಅವನು ಕಾಲಿಟ್ಟಿರಲಿಲ್ಲ. ವೈರ್ ಬೇಕು ಅಂತ ಬಾಯಲ್ಲಿ ಹೇಳಿದ್ದ, ದಾರಿ ಹುಡುಕಿರಲಿಲ್ಲ. ಬೇಡ ಅಂದದ್ದು ಮೇಷ್ಟ್ರಾದರೂ, ಮೇಷ್ಟ್ರಿಗೆ ಅದು ಗೊತ್ತಿರಬೇಕಾದ ವಿಷಯವಲ್ಲ.

ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು. ಬಿಸಿಲು ಮಳೆಗೆ ತಡೆಯುವ ಕಪ್ಪು ಕೇಬಲ್ಲನ್ನು ಪಟ್ಟಿಗೆ ಹೊಂದಿಸಿ ಕ್ಲಿಪ್ಪು ಹೊಡೆದ. ಎರಡೂ ತುದಿಗೆ ಕನೆಕ್ಟರ್ ಕೂರಿಸಿದ. ಒಂದು ತುದಿ ಹಜಾರದ ಡಬ್ಬಿಗೆ, ಇನ್ನೊಂದು ಮೂರನೇ ಡಬ್ಬಿಗೆ. ಅಕ್ಕ ಮಲಗಿದಲ್ಲಿಂದಲೇ ಅವನ ಕೈಗಳನ್ನು ನೋಡುತ್ತಿದ್ದರು. ಆ್ಯಪಿನಲ್ಲಿ ಹಳದಿ ಗೆರೆ ಹೋಗಿ ವೈರಿನ ಗುರುತು ಬಂತು. ಮಂಚದ ಪಕ್ಕ ಅಳೆದ. ತೊಂಬತ್ತೆರಡು.

ಅಕ್ಕ ಫೋನಿನಲ್ಲಿ ಏನೋ ಟೈಪು ಮಾಡಿ ಅವನ ಮುಂದೆ ಹಿಡಿದರು. "ಶುಕ್ರವಾರ ಬಾರದೇ ಹೋದದ್ದು ಈಗ ಬರುತ್ತಾ? ಎಲ್ಲಾದರೂ ಉಳಿದಿರುತ್ತಾ?"

ಅವನು ಆ ಸಾಲನ್ನು ಎರಡು ಸಲ ಓದಿದ. ಕಾಗದವಾಗಿದ್ದರೆ ತಡವಾಗಿಯಾದರೂ ತಲುಪೀತು. ಇಂಥ ವಿಡಿಯೋ ಕಾಲ್‌ನಲ್ಲಿ ತಡವಾದ ಚಿತ್ರಕ್ಕೆ ಯಾರೂ ಕಾಯುವುದಿಲ್ಲ. ಕಾಲ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಅದನ್ನು ಹೇಗೆ ಹೇಳುವುದು? ತಲೆ ಅಲ್ಲಾಡಿಸಿದ. ಅವರು ಮತ್ತೆ ಬರೆದರು. "ಆಸ್ಪತ್ರೆ ಕಡೆ?" ಅವನು ಅವರ ಫೋನನ್ನೇ ತೆಗೆದುಕೊಂಡು ತಡವರಿಸುತ್ತ ಬರೆದ: "ಅಲ್ಲೂ ಇರಲ್ಲ ಅಕ್ಕ. ಯಾರೂ ರೆಕಾರ್ಡ್ ಮಾಡಿಲ್ಲ. ತಪ್ಪು ನನ್ನದು. ಅವತ್ತೇ ಗೊತ್ತಿತ್ತು."

ಅಕ್ಕ ಓದಿದರು. ಸಿಟ್ಟಾಗಲಿಲ್ಲ. ಎರಡು ಬೆರಳನ್ನು ಕತ್ತರಿಯ ಹಾಗೆ ಮಾಡಿ ಕೆನ್ನೆಗೆ ಮುಟ್ಟಿಸಿದರು. ಆಮೇಲೆ ಎರಡೂ ಕೈ ಮುಂದೆ ಚಾಚಿ, ಬೆರಳುಗಳನ್ನು ಗಾಳಿಯಲ್ಲಿ ಕಲಸಿ ತೋರಿಸಿದರು.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಮೆಲ್ಲಗೆ ಹೇಳಿದರು: "ಕತ್ತರಿ ಅಂದ್ರೆ ಕೈಭಾಷೇಲಿ ಅಕ್ಕನ ಹೆಸರು. ಚಿಕ್ಕವಳಿದ್ದಾಗ ತಂಗೀನೇ ಇಟ್ಟಿದ್ದು. ಅವತ್ತು ಅದೊಂದು ಸರಿಯಾಗಿ ಕಾಣಿಸ್ತಂತೆ. 'ನನ್ನ ಹೆಸರು ಹಿಡಿದು ಕರೆದ್ಲು, ಆಮೇಲೆ ಹೇಳಿದ್ದು ನಂಗೊತ್ತಿಲ್ಲ' ಅಂತಿದಾಳೆ ಅಕ್ಕ."

ಮನೆಗೆ ಬಂದ ಮೇಲೆ ವೈರಣ್ಣ ಊಟ ಬೇಡ ಅನ್ನುತ್ತಿದ್ದ, ಕೇಳಿದರೆ ಸಿಡುಕುತ್ತಿದ್ದ. ಎರಡು ವಾರ ನೋಡಿ ಹೆಂಡತಿ ಎದುರಿಗೆ ಕೂತು ಬಾಯಿ ಬಿಡಿಸಿದಳು.

ಎಲ್ಲ ಕೇಳಿ ಅವಳು ಹೇಳಿದಳು: "ನೀವೇನು ಆ ತಾಯೀನ ಸಾಯಿಸಿದ್ರಾ? ಕಾಯಿಲೆ ಇತ್ತು, ಹೋದ್ರು."

"ಸಾಯಿಸಿದೆ ಅಂತ ಯಾರಂದ್ರು? ಅವಳು ಹೋಗೋಕೆ ಮುಂಚೆ ಏನೋ ಹೇಳಿದ್ಲು ಕಣೇ. ಅದು ನನ್ನ ಡಬ್ಬೀವರೆಗೂ ಬಂದು ಚೆಲ್ಲಿಹೋಯ್ತು."

ಹೆಂಡತಿ ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಅವನು ಅವತ್ತು ಉಂಡ.

ಅಕ್ಕ ಈಗ ಕೋಲು ಹಿಡಿದು ನಡುಮನೆಯವರೆಗೂ ನಡೆಯುತ್ತಾರೆ. ತಂಗಿಯ ಮಗಳು ಸಂಜೆ ಸಂಜೆ ಕಾಲ್ ಮಾಡುತ್ತಾಳೆ. ಆ ಹುಡುಗಿಯ ಕೈಗಳು ತಾಯಿಯ ಕೈಗಳ ಹಾಗೇ ಆಡುತ್ತವಂತೆ, ಅಷ್ಟೇ ಬೇಗ, ಅಷ್ಟೇ ತುಂಟತನದಿಂದ. ಒಂದು ಬೆರಳೂ ಕಲಸುವುದಿಲ್ಲ. ಕಾಲ್ ಮುಗಿದ ಮೇಲೆ ಅಕ್ಕ ಸುಮಾರು ಹೊತ್ತು ಪರದೆಯನ್ನೇ ನೋಡುತ್ತ ಕೂತಿರುತ್ತಾರೆ ಅಂತ ಮೇಷ್ಟ್ರು ಹೇಳಿದರು.

ವೈರಣ್ಣ ಅದನ್ನು ಫೋನಿನಲ್ಲಿ ಕೇಳಿಸಿಕೊಂಡ. ಒಂದು ದಿನ ಬನ್ನಿ ಅಂತ ಮೇಷ್ಟ್ರು ಕರೆದರು. ಬರ್ತೀನಿ ಸಾರ್ ಅಂದ. ಇನ್ನೂ ಹೋಗಿಲ್ಲ. ಮೇಷ್ಟ್ರ ಬೀದಿಯ ಕೊನೆಯ ಮನೆಯೊಂದರಲ್ಲಿ ಮೊನ್ನೆ ಕೆಲಸ ಬಂದಾಗಲೂ ಸುತ್ತು ಬಳಸಿ ಹಿಂದಿನ ರಸ್ತೆಯಿಂದ ಹೋದ. ಒಳಗೆ ಕಾಲಿಡುವ ಮೊದಲು ಆ ಮನೆಯ ಸುತ್ತ ಒಂದು ಸುತ್ತು ನಡೆದು, ಸೂರು, ಕಿಟಕಿ, ಓಣಿ ಎಲ್ಲ ನೋಡಿ, ಆಮೇಲೆ ಬಾಗಿಲು ತಟ್ಟಿದ.